ವಿಡಿಯೋದಲ್ಲಿದ್ದ ಕೈ

ಚನ್ನವೀರಪ್ಪನವರು ಕಾಫಿ ಮುಟ್ಟಲಿಲ್ಲ. ಆಗಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಮುಂದಿನ ವಾರ ನನ್ನ ತಂಗಿ ರಕ್ಷಾಳ ನಿಶ್ಚಿತಾರ್ಥ ಇಟ್ಟುಕೊಂಡು, ಗಂಡಿನ ತಂದೆ ಗೋವಿಂದರಾಜನಗರದ ನಮ್ಮ ಮನೆಗೆ ಹೇಳದೆ ಕೇಳದೆ ಬಂದು ಮೊಬೈಲ್ ಮುಂದೆ ಹಿಡಿದಿದ್ದರು. ಅದರಲ್ಲಿ ರಕ್ಷಾ ಯಾವುದೋ ಪಬ್ಬಿನಲ್ಲಿ ಮೈಕ್ ಹಿಡಿದು, ಕುಡಿದು ತೂರಾಡುತ್ತ ಹಾಡುತ್ತಿದ್ದಳು.

"ಸುಳ್ಳು ಸಾರ್ ಇದು. ಯಾರದೋ ಮೈಗೆ ಇವಳ ಮುಖ ಅಂಟಿಸಿದಾರೆ" ಎಂದೆ.

"ನಾನೂ ವಿಚಾರಿಸಿದೀನಿ ಕಲ್ಮೇಶ್. ಸುಳ್ಳಾದ್ರೆ ಮುಖಕ್ಕೆ ಕೈ ಅಡ್ಡ ಬಂದಾಗ ಚಿತ್ರ ಕೆಡತ್ತಂತೆ. ಇಲ್ಲಿ ಬಾಯಿಗೆ ಮೈಕ್ ಅಡ್ಡ ಇದೆ, ಕೂದಲು ಸರಿಸೋ ಕೈ ಕೆನ್ನೆ ಮೇಲೆ ಹೋಯ್ತು. ಎಲ್ಲಪ್ಪಾ ಕೆಟ್ಟಿದೆ?"

ಹಾಳಾದ ವಾಟ್ಸಾಪ್ ಪಂಡಿತರು! ರಾಜಾಜಿನಗರದ ಸ್ಟುಡಿಯೋದಲ್ಲಿ ಸೀರಿಯಲ್‌ಗಳಿಗೆ ನಾನು ದಿನವೂ ಮಾಡುವ ಕೆಲಸವೇ ಇದು. ಲ್ಯಾಪ್‌ಟಾಪ್ ತೆರೆದು, ಹೀರೋಯಿನ್ ಬದಲು ನಟಿಸಿದ ಡ್ಯೂಪ್ ಹುಡುಗಿ ಕೆನ್ನೆ ಒರೆಸಿಕೊಳ್ಳುವ ಶಾಟ್ ಹಾಕಿದೆ. ಅಡ್ಡ ಬಂದದ್ದನ್ನು ಮುಖದಿಂದ ಬೇರ್ಪಡಿಸುವ ಮಾಸ್ಕ್ ಆಫ್ ಮಾಡಿದರೆ ಹೀರೋಯಿನ್ ಮುಖ ಬೆರಳುಗಳ ಮೇಲೇ ಬಳಿದುಕೊಂಡಿತು. ಆನ್ ಮಾಡಿದರೆ ಬೆರಳು ಮುಂದೆ, ಮುಖ ಹಿಂದೆ.

"ಯಾವುದು ಮುಖ, ಯಾವುದು ಅಡ್ಡ ಬಂದ ಕೈ, ಮೈಕು ಅಂತ ಚಿತ್ರಗಳ ಮೇಲೆ ಗೆರೆ ಎಳೆದು ಕಂಪ್ಯೂಟರಿಗೆ ಕಲಿಸ್ತೀವಿ. ಮುಖ ಕಾಣೋ ಜಾಗಕ್ಕೆ ಮಾತ್ರ ಹೊಸ ಮುಖ ಅಂಟತ್ತೆ. ಅಡ್ಡ ಇರೋದು ಮೂಲ ವಿಡಿಯೋದಲ್ಲಿ ಇದ್ದ ಹಾಗೇ ಉಳಿಯತ್ತೆ."

"ಇದನ್ನೂ ಹಾಗೇ ಮಾಡಿದಾರೆ ಅನ್ನೋಕೆ ಏನು ಗ್ಯಾರಂಟಿ?"

ಗ್ಯಾರಂಟಿ ಕಣ್ಣೆದುರೇ ಇತ್ತು, ಹೇಳುವ ಹಾಗಿರಲಿಲ್ಲ. ಚಿಕ್ಕಂದಿನಲ್ಲಿ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ರಕ್ಷಾಳ ಎಡಗೈ ಕಿರುಬೆರಳು ಅರ್ಧ ಹೋಗಿದೆ. ಹೆಣ್ಣು ನೋಡಲು ಬಂದ ದಿನ ಅಮ್ಮ ಅವಳ ಕೈಮೇಲೆ ಸೆರಗು ಎಳೆದು ಕಾಫಿ ತಟ್ಟೆ ಹಿಡಿಸಿದ್ದಳು. ಗಂಡು ರೇವಂತ್ ಇರುವುದು ಹುಬ್ಬಳ್ಳಿಯಲ್ಲಿ. ಆಮೇಲೆಲ್ಲ ಫೋನಿನಲ್ಲೇ ಮಾತು, ಆ ಬೆರಳಿನ ಸಂಗತಿ ಅವರ್ಯಾರಿಗೂ ಗೊತ್ತಿಲ್ಲ.

ಪಕ್ಕದಲ್ಲಿದ್ದ ಅಮ್ಮ ನನ್ನ ತೋಳು ಚಿವುಟಿದಳು. ಹೇಳಿದರೆ ಮದುವೆ ಮುರಿಯುತ್ತದೆ, ಹೇಳದಿದ್ದರೆ ತಂಗಿಯ ಮಾನ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ.

ಅಡುಗೆಮನೆ ಬಾಗಿಲಲ್ಲಿದ್ದ ರಕ್ಷಾ ಸೀದಾ ಬಂದಳು. ಸೆರಗು ಸರಿಸಿ ಎಡಗೈಯನ್ನು ಮೊಬೈಲ್ ಪಕ್ಕಕ್ಕೆ ಹಿಡಿದಳು.

"ಅಣ್ಣ ಹೇಳಿದ್ದು ಕೇಳಿದ್ರಲ್ಲ? ಅಡ್ಡ ಬಂದ ಕೈ ಮೂಲದವಳದ್ದೇ. ಅವಳ ಎರಡೂ ಕೈ ನೋಡಿ, ಬೆರಳೆಲ್ಲ ಪೂರ್ತಿ ಇದೆ. ಇದು ನನ್ನ ಕೈ."

ಅಮ್ಮ "ಅಯ್ಯೋ ಶಿವನೇ" ಎಂದು ಕುಸಿದು ಕೂತಳು.

ಚನ್ನವೀರಪ್ಪನವರು ವಿಡಿಯೋ ನಿಲ್ಲಿಸಿ, ಕನ್ನಡಕ ಏರಿಸಿ ನೋಡಿದರು.

"ವಿಡಿಯೋ ಸುಳ್ಳು, ಒಪ್ಪಿದೆ. ಆದ್ರೆ ಇದನ್ನ ಮುಚ್ಚಿಟ್ರಲ್ಲಮ್ಮ!"

"ಮುಚ್ಚಿಟ್ಟಿದ್ದು ತಪ್ಪೇ ಸಾರ್. ಈಗ ತೋರಿಸಿದೀನಿ. ಬೆರಳು ಪೂರ್ತಿ ಇರೋಳೇ ಬೇಕಂದ್ರೆ ಆ ವಿಡಿಯೋದವಳನ್ನ ಹುಡುಕ್ಕೊಳ್ಳಿ."

ಕೆಟ್ಟೆವಲ್ಲ ಅಂದುಕೊಂಡೆ. ಅವರು ಲೋಟ ಕೈಗೆತ್ತಿಕೊಂಡು ಅವಳತ್ತ ಚಾಚಿದರು.

"ಆರಿಹೋಗಿದೆ, ಬಿಸಿ ಮಾಡ್ಕೊಂಡು ಬಾಮ್ಮ. ಸೆರಗು ಮುಚ್ಚೋದು ಬೇಡ."