ಐವತ್ತೆಂಟರಲ್ಲಿ ಒಬ್ಬಳು ಕಾಣೆ

ಹೊಳೆನರಸೀಪುರದ ಮೇಲುಗೈ ಅಕಾಡೆಮಿಯಲ್ಲಿ ನೀಟ್ ಫಲಿತಾಂಶ ಬಂದ ದಿನ ಮೊದಲ ಫೋನ್ ಹೋಗುವುದು ಫ್ಲೆಕ್ಸ್ ಅಂಗಡಿಗೆ. ಮಕ್ಕಳಿಗೆ ಆಮೇಲೆ. ಮಾಲೀಕ ಈಶ್ವರಯ್ಯನವರ ಸೂತ್ರ ಸರಳ: ಫ್ಲೆಕ್ಸ್ ಹಾಕು, ರಿಲಾಕ್ಸ್ ಆಗು. ಹೋದ ವರ್ಷದ ಫ್ಲೆಕ್ಸಿನಲ್ಲಿದ್ದ ಮುಖಗಳಲ್ಲಿ ಅರ್ಧ ಮುಖಗಳು ಅಕಾಡೆಮಿಯ ಮೆಟ್ಟಿಲು ಹತ್ತಿದ್ದು ಭಾನುವಾರದ ಟೆಸ್ಟ್ ಬರೆಯಲು ಮಾತ್ರ. ಒಬ್ಬ ಹುಡುಗನಂತೂ ಹಾಸನದಲ್ಲಿ ಒಂದು ಸಂಸ್ಥೆಯ ನೀಲಿ ಟೈ, ಚನ್ನರಾಯಪಟ್ಟಣದಲ್ಲಿ ಇನ್ನೊಂದರ ಕೆಂಪು ಟೈ, ಇಲ್ಲಿ ಮೇಲುಗೈಯ ಹಸಿರು ಟೈ ಕಟ್ಟಿಕೊಂಡು ನಗುತ್ತಿದ್ದ. ಟೈಗಳೆಲ್ಲ ಕಂಪ್ಯೂಟರಿನಲ್ಲಿ ಅಂಟಿಸಿದವು; ಪಾಪ, ಅವನ ಕೊರಳು ಯಾವ ಟೈಯನ್ನೂ ಕಂಡಿದ್ದಲ್ಲ.

ಈ ವರ್ಷ ಆ ಸೂತ್ರಕ್ಕೆ ಗಂಟು ಬಿದ್ದದ್ದು ನಿಧಿಯಿಂದ. ಅರಕಲಗೂಡಿನ ಹುಡುಗಿ, ಪಿಯುಸಿ ಮುಗಿಸಿ ನೀಟ್‌ಗೆಂದೇ ಓದುವವರ ಲಾಂಗ್ ಟರ್ಮ್ ಬ್ಯಾಚಿನಲ್ಲಿ ಐನೂರು ಅಂಕ ದಾಟಿದ ಒಬ್ಬಳೇ ಒಬ್ಬಳು. ಅಪ್ಪ ವಕೀಲರು. ಫೋಟೊ ಹಾಕಿಕೊಳ್ಳಲು ಒಪ್ಪಿಗೆ ಕೇಳಿದಾಗ ಮಗಳು ಬರೆದುಕೊಟ್ಟಳು, ಆದರೆ ಷರತ್ತಿನ ಮೇಲೆ: ಇಲ್ಲಿ ಎಷ್ಟು ತಿಂಗಳು ಓದಿದೆ, ಜೊತೆಗೆ ಎಷ್ಟು ಜನ ಓದಿದರು, ಅವರಿಗೆಲ್ಲ ಎಷ್ಟು ಬಂತು, ಇಷ್ಟೂ ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ಫೋಟೊ ಇಲ್ಲ.

“ಕೊಟ್ಬುಡನ, ಎಲ್ಲಾನೂ ಹಾಕ್ಬುಡಿ,” ಎಂದರು ಈಶ್ವರಯ್ಯ, ಫೋಟೊದ ಆಸೆಗೆ. “ಎಂಗೂ ಜನ ಮೊದಲ್ನೇ ಚಿತ್ರ ಬುಟ್ಟು ಮುಂದಕ್ಕೆ ನೋಡಕಿಲ್ಲ.”

ಕೆಲಸ ಹಂಸಳ ತಲೆಗೆ ಬಂತು. ಹಂಸ ಜೀವಶಾಸ್ತ್ರ ಕಲಿಸುವವಳು. ವೆಬ್‌ಸೈಟ್ ನೋಡಿಕೊಳ್ಳುವುದು ಬಿಟ್ಟಿ ಭಾಗ್ಯ. ತಿಂಗಳ ಕೊನೆಗೆ ಹೊಸ ಬ್ಯಾಚ್ ತುಂಬದಿದ್ದರೆ ಜೀವಶಾಸ್ತ್ರವನ್ನು ರೆಕಾರ್ಡ್ ಮಾಡಿದ ವಿಡಿಯೊ ಕಲಿಸುತ್ತದೆ ಎಂದು ಈಶ್ವರಯ್ಯ ಆಗಲೇ ಹೇಳಿದ್ದರು. ಜೀವವಿಲ್ಲದ್ದು ಜೀವಶಾಸ್ತ್ರ ಕಲಿಸುವುದು ಹೇಗೆ ಎಂದು ಹಂಸ ಕೇಳಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ದನಿಯನ್ನೇ ಗಂಟಲಿಗೆ ತಂದುಕೊಂಡು, “ಮೇಡಂ, ನೀವು ಇರೋದಕ್ಕಿಂತ ವಿಡಿಯೊ ಚೆನ್ನಾಗದೆ, ಅದು ರಜಾ ಕೇಳಕಿಲ್ಲ,” ಎಂದು ಅಣಕಿಸಿ ಭೌತಶಾಸ್ತ್ರದ ಜಯಂತನನ್ನು ನಗಿಸಿದ್ದಳು. ನಗು ಮುಗಿದ ಮೇಲೆ ಬಂದಿದ್ದ ಹೊಸ ಅರ್ಜಿಗಳನ್ನು ಎರಡು ಸಲ ಎಣಿಸಿದ್ದಳು.

ವೆಬ್‌ಸೈಟಿನ ನೆತ್ತಿಯಲ್ಲಿ ಒಂದಾದ ಮೇಲೊಂದು ಸರಿಯುವ ಚಿತ್ರಗಳ ಸಾಲಿಗೆ ಈಶ್ವರಯ್ಯ ಇಟ್ಟ ಹೆಸರು ಜಾರುಪಟ. ಹಂಸ ಅದನ್ನು ಜಾರಿಕೊಳ್ಳಲಾಗದಂತೆ ಮಾಡಿದಳು. ಮೊದಲ ಚಿತ್ರದಲ್ಲಿ ಯಾರ ಮುಖವೂ ಇಲ್ಲ, ಇಡೀ ಬ್ಯಾಚು: ಐನೂರರ ಮೇಲೆ 1, ನಾನೂರರ ಮೇಲೆ 9, ಮುನ್ನೂರರ ಮೇಲೆ 21, ಅದಕ್ಕಿಂತ ಕೆಳಗೆ 27. ಎರಡನೆಯದು, ಸೇರಿದಾಗ ಬರೆದ ಟೆಸ್ಟಿನಲ್ಲಿ ಪ್ರತಿ ಗುಂಪಿನ ನಟ್ಟನಡುವೆ ನಿಂತವರ ಅಂಕ ಎಷ್ಟಿತ್ತು, ಈಗ ಎಷ್ಟಾಯಿತು. ಮೂರನೆಯದು, ಹಿಂದಿನ ವರ್ಷದವರು ಕೌನ್ಸೆಲಿಂಗ್ ಮುಗಿದ ಮೇಲೆ ಎಲ್ಲಿಗೆ ಹೋದರು: ಎಂಬಿಬಿಎಸ್ ಎಷ್ಟು, ಆಯುರ್ವೇದ ಎಷ್ಟು, ನರ್ಸಿಂಗ್ ಎಷ್ಟು, ಮತ್ತೆ ಪರೀಕ್ಷೆ ಕಟ್ಟಿದವರೆಷ್ಟು. ‘ಅರ್ಹತೆ ಪಡೆದವರು ಶೇಕಡಾ ಇಷ್ಟು’ ಎಂಬ ಹಳೆಯ ಸಾಲನ್ನು ತೆಗೆದೇ ಹಾಕಿದಳು; ಅರ್ಹತೆ ಸಿಕ್ಕವರಿಗೆಲ್ಲ ಸೀಟು ಸಿಗುವುದಿಲ್ಲವಲ್ಲ. ನಿಧಿ ಬಂದದ್ದು ನಾಲ್ಕನೆಯ ಚಿತ್ರದಲ್ಲಿ: ‘ಪಿಯುಸಿ ಅರಕಲಗೂಡಿನಲ್ಲಿ, ಇಲ್ಲಿ ಹತ್ತು ತಿಂಗಳು.’ ಯಾರು ಎಲ್ಲಿ ನಿಲ್ಲಿಸಿ ನೋಡಿದರೂ ತಪ್ಪಿಸಿಕೊಳ್ಳದಂತೆ ಪ್ರತಿ ಚಿತ್ರದ ಕಾಲಡಿಯಲ್ಲಿ ಒಂದೇ ಪಟ್ಟಿ: ‘ಸೇರಿದವರು 64, ನಡುವೆ ಬಿಟ್ಟವರು 6, ಪರೀಕ್ಷೆ ಬರೆದವರು 58. ಟೆಸ್ಟ್ ಮಾತ್ರ ಬರೆದವರನ್ನು ಸೇರಿಸಿಲ್ಲ.’

ನೋಡಿ ಈಶ್ವರಯ್ಯ ಕುರ್ಚಿಗೆ ಕುಸಿದರು. “ಇದೇನ್ ಮೇಡಂ, ಅಂಗಡಿ ಬಾಗ್ಲಲ್ಲೇ ಕೊಳೆತ ಟೊಮ್ಯಾಟೊ ಜೋಡ್ಸಿದ್ದೀರಾ!”

ಆದರೆ ಫೋನು ಬಡಿದುಕೊಳ್ಳತೊಡಗಿತು. ಹರದನಹಳ್ಳಿಯಿಂದ ಒಬ್ಬರು, ರಾಮನಾಥಪುರದಿಂದ ಇಬ್ಬರು. ಯಾರೂ ನಿಧಿಯನ್ನು ವಿಚಾರಿಸಲಿಲ್ಲ. “ಸಾ, ಇನ್ನೂರರಿಂದ ಮುನ್ನೂರಕ್ಕೆ ಬಂದವ್ರಲ್ಲಾ, ಅವ್ರಿಗೆ ಏನ್ ಓದುಸ್ದ್ರಿ? ನಮ್ಮುಡುಗಂದೂ ಇನ್ನೂರೇಯ.” ಊರಿನ ತುಂಬ ಇದ್ದದ್ದು ಇನ್ನೂರರ ಮಕ್ಕಳು. ಇಷ್ಟು ವರ್ಷ ಯಾವ ಫ್ಲೆಕ್ಸಿನಲ್ಲೂ ಅವರಿಗೆ ಜಾಗವಿರಲಿಲ್ಲ.

ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದ ಈಶ್ವರಯ್ಯನವರಿಗೆ ಗಾಳಿ ತಿರುಗಿದ್ದು ಗೊತ್ತಾಗಲು ಒಂದು ವಾರ ಸಾಕಾಯಿತು.

“ಮೇಡಂ, ಸತ್ಯಕ್ಕೆ ಒಳ್ಳೆ ಮಾರ್ಕೆಟ್ ಅದೆ ಕಣಮ್ಮ. ಒಸಿ ಜಾಸ್ತಿ ಮಾಡಾವ. ಬಿಟ್ಟೋದವ್ರು ಆರೇ ಜನ್ವಾ? ಹನ್ನೆರಡು ಅಂತ ಹಾಕಿ. ನಂಬ್ಕೆ ಬತ್ತದೆ.”

“ಬಿಟ್ಟವರು ಆರೇ ಸರ್.”

“ಇರ್ಲಿ. ಆ ನಿಧಿನಾದ್ರೂ ತೆಗೀರಿ. ಅಷ್ಟೊಂದು ಓದೋ ಮಗೀನ ನೋಡ್ದ್ರೆ ಜನ ಎದ್ರಿಕತಾರೆ. ಇದು ಬುದ್ಧಿವಂತ್ರ ಜಾಗ, ನಮ್ಮುಡುಗ್ರಿಗಲ್ಲ ಅನ್ಕತಾರೆ.”

“ಟಾಪರ್ ಒಬ್ಬಳನ್ನೇ ತೋರಿಸೋದು ಹೇಗೆ ಮೋಸವೋ, ಅವಳೊಬ್ಬಳನ್ನು ಮುಚ್ಚಿಡೋದೂ ಹಾಗೇ ಸರ್.”

“ಬ್ಯಾಚ್ ತುಂಬ್ಲಿ, ಆಮ್ಯಾಕೆ ಮೋಸದ್ ಲೆಕ್ಕ ಮಾಡಾವ. ವಿಡಿಯೊದವ್ರು ಬೆಳಿಗ್ಗೇನೂ ಫೋನ್ ಮಾಡಿದ್ರು.”

ಹಂಸ ಚಾಕ್ ಎತ್ತಿಕೊಂಡು ಪಾಠಕ್ಕೆ ಹೋದಳು. ವೆಬ್‌ಸೈಟಿನ ಪಾಸ್‌ವರ್ಡ್ ಈಶ್ವರಯ್ಯನವರ ಬಳಿಯೂ ಇದೆ ಎಂಬುದು ಕಪ್ಪೆಯ ಹೃದಯದಲ್ಲಿ ಮೂರು ಕೋಣೆ ಬರೆಯುವ ಹೊತ್ತಿಗೆ ನೆನಪಾಯಿತು.

ಪಾಠ ಮುಗಿಸಿ ಕೆಳಗಿಳಿದಾಗ ಕೌಂಟರಿನ ಮುಂದೆ ನಾಲ್ಕಾರು ಮನೆಯವರು ಕೂತಿದ್ದರು. ಎಲ್ಲರಿಗಿಂತ ಮುಂದೆ ಹಳೇಕೋಟೆಯ ದಾಕ್ಷಾಯಣಮ್ಮ, ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಪಕ್ಕದಲ್ಲಿ ಮಗಳು ಮಾನ್ಯ, ಕೈಯಲ್ಲಿ ತುಂಬಿದ ಅರ್ಜಿ. ದಾಕ್ಷಾಯಣಮ್ಮ ಅರ್ಜಿ ಕೊಡಿಸದೆ ವೆಬ್‌ಸೈಟ್ ತೆರೆದಿದ್ದ ಫೋನ್ ಚಾಚಿದರು.

“ಸ್ವಾಮಿ, ಕೆಳಗೆ ಐವತ್ತೆಂಟು ಅಂತದೆ. ಮ್ಯಾಗಳ ಸಾಲು ಕೂಡುದ್ರೆ ಐವತ್ತೇಳು. ನೆನ್ನೆ ಸರಿಯಾಗಿತ್ತು. ಐನೂರರ ಹುಡುಗಿ ಫೋಟೊನೂ ಇಲ್ಲ. ಎಲ್ಲೋಯ್ತು ಆ ಮಗ?”

ಈಶ್ವರಯ್ಯ ಮುಖ ಬಾಡಿಸಿಕೊಂಡರು. “ಏನ್ ಮಾಡದು ತಾಯಿ, ಅವ್ರಪ್ಪ ಫೋಟೊ ಬ್ಯಾಡ ಅಂದ್ಬುಟ್ರು. ಅಲ್ವಾ ಮೇಡಂ?”

ಎಲ್ಲರ ಕಣ್ಣು ಹಂಸಳ ಮೇಲೆ. ಹ್ಞೂಂ ಅಂದರೆ ಸಾಕು; ಅರ್ಜಿ ಒಳಗೆ, ಬ್ಯಾಚು ಭರ್ತಿ, ಕೆಲಸ ಗಟ್ಟಿ. ಅವಳ ತಲೆ ಅರ್ಧ ಆಡಿಯೂ ಬಿಟ್ಟಿತ್ತು.

“ಇಲ್ಲ,” ಎಂದಳು. “ಸರ್ ತೆಗೆದರು.”

“ಯಾಕೆ?”

ಹೇಳಲು ಹೊರಟರೆ ಅಂಜಿಕೆಗೋ ಅಭ್ಯಾಸಕ್ಕೋ ಗಂಟಲಿಂದ ಈಶ್ವರಯ್ಯನವರ ದನಿಯೇ ಹೊರಟಿತು: “‘ಅಷ್ಟೊಂದು ಓದೋ ಮಗೀನ ನೋಡ್ದ್ರೆ ಜನ ಎದ್ರಿಕತಾರೆ ಕಣಮ್ಮ!’”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಬೆಂಚು ಅಲ್ಲಾಡುವಂತೆ ನಗು. ಮಾನ್ಯ ಅರ್ಜಿಯನ್ನು ಬಾಯಿಗೆ ಅಡ್ಡ ಹಿಡಿದಳು. ನಗದವರು ಇಬ್ಬರೇ, ಈಶ್ವರಯ್ಯ ಮತ್ತು ಹಂಸ.

ದಾಕ್ಷಾಯಣಮ್ಮ ನಗು ಒರೆಸಿಕೊಂಡು, “ನಾವೇನ್ ಎದ್ರಿಕಳಕಿಲ್ಲ, ವಾಪಸ್ ಹಾಕಿ ಸ್ವಾಮಿ. ನಾಳೆ ನನ್ ಮಗಳು ಆ ಕೆಳಗಿನ ಇಪ್ಪತ್ತೇಳರಲ್ಲಿ ಬಂದ್ರೆ ಅವಳನ್ನೂ ಇಂಗೇ ತೆಗೀತೀರೇನೋ,” ಎಂದರು. “ಇಲ್ಲೇ ಹಾಕಿ, ನೋಡ್ತೀನಿ.”

ಈಶ್ವರಯ್ಯ ಎಲ್ಲರೆದುರು, ಒಂದೇ ಬೆರಳಿನಲ್ಲಿ, ಬೆವರುತ್ತ, ನಿಧಿಯನ್ನು ವಾಪಸ್ ತಂದರು. ದಾಕ್ಷಾಯಣಮ್ಮ ಮತ್ತೆ ಕೂಡಿದರು. ಐವತ್ತೆಂಟು. ಆದರೂ ಮಗಳಿಗೆ ಅರ್ಜಿ ಕೊಡು ಎನ್ನಲಿಲ್ಲ.

“ಈಯಮ್ಮ ಏನ್ ಕಲಿಸೋದು?”

“ಜೀವಶಾಸ್ತ್ರ.”

“ಪರೀಕ್ಷೆ ಮುಗಿಯೋಗಂಟ ಇವ್ರೇ ಇರ್ತಾರಾ?”

ಈಶ್ವರಯ್ಯ ಕೂತಿದ್ದ ಜನರನ್ನು ಒಮ್ಮೆ, ಅವರ ಕೈಯಲ್ಲಿದ್ದ ಅರ್ಜಿಗಳನ್ನು ಒಮ್ಮೆ ನೋಡಿದರು. “ಇರ್ತಾರೆ ತಾಯಿ,” ಎಂದರು, ಹಲ್ಲು ಕೀಳಿಸಿಕೊಂಡವರ ದನಿಯಲ್ಲಿ.

ಸಂಜೆ ಹಂಸ ಮೊದಲ ಚಿತ್ರದ ಕೆಳಗೆ ಒಂದು ಸಾಲು ಸೇರಿಸಿ ತೋರಿಸಿದಳು: ‘ತಿದ್ದುಪಡಿ: ಈ ದಿನ ಕೆಲವು ಗಂಟೆ ಒಬ್ಬ ವಿದ್ಯಾರ್ಥಿನಿಯ ಫಲಿತಾಂಶ ಇಲ್ಲಿ ಇರಲಿಲ್ಲ. ತೆಗೆದವರು, ಮತ್ತೆ ಹಾಕಿದವರು: ಈಶ್ವರಯ್ಯ, ಮಾಲೀಕರು.’

ಈಶ್ವರಯ್ಯ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು.

“ನನ್ನೆಸರಿನ ಮುಂದೆ,” ಎಂದರು ಕೊನೆಗೆ, “ಒಂದು ‘ಶ್ರೀ’ ಹಾಕಿ ಮೇಡಂ.”