ಇಂದ ಮತ್ತು ಗೆ

ಮರುದಿನ ಬೆಳಗ್ಗೆ ಅಮ್ಮನ ಕಣ್ಣಿನ ಆಪರೇಷನ್. ಜೊತೆಗಿರಲು ಫಿಟ್ಟರನಿಗೆ ಒಂದು ದಿನದ ರಜೆ ಬೇಕಿತ್ತು. ಮೂರು ಸಾಲು ಗೀಚಿ ಕಾರ್ಖಾನೆಯ ಗುಮಾಸ್ತನ ಮುಂದಿಟ್ಟ.

"ಇದು ಅರ್ಜಿಯೋ, ಅಂಗಡಿ ಚೀಟಿಯೋ? ದಿನಾಂಕ ಎಲ್ಲಿ? ವಿಷಯ ಎಲ್ಲಿ?"

ಎರಡನೆಯ ಸಲ ದಿನಾಂಕ ಬಂತು, ವಿಷಯ ಬರಲಿಲ್ಲ. ಮೂರನೆಯ ಸಲ ವಿಷಯವೂ ಬಂತು, ಕೊನೆಯ 'ತಮ್ಮ ವಿಶ್ವಾಸಿ' ಬರಲಿಲ್ಲ. ಗುಮಾಸ್ತ ಮ್ಯಾನೇಜರರ ಹಾಗೆ ಮೂಗಿನಲ್ಲೇ ರಾಗ ಎಳೆದ: "ವಿಶ್ವಾಸವೇ ಇಲ್ಲದವನಿಗೆ ರಜೆ ಹೇಗ್ರೀ ಕೊಡೋದು?"

"ವಿಷಯ ವಿಷಯ ಅಂತ ವಿಷ ಕುಡಿಸ್ತಿದ್ದೀರಲ್ಲ ಅಣ್ಣಾ! ನೀವೇ ಹೇಳಿ, ಬರೀತೀನಿ."

"ಮೇಲೆ ಎಡಗಡೆ 'ಇಂದ'. ಅದರ ಕೆಳಗೆ ಹೆಸರು, ಹುದ್ದೆ. ಆಮೇಲೆ 'ಗೆ'. ಅಲ್ಲೂ ಹಾಗೇ. ಬಲಗಡೆ ದಿನಾಂಕ. ಮಾನ್ಯರೇ, ವಿಷಯ, ಒಕ್ಕಣೆ. ಕೊನೆಗೆ ವಂದನೆ, ತಮ್ಮ ವಿಶ್ವಾಸಿ, ಸಹಿ."

ನಾಲ್ಕನೆಯದು ಮುತ್ತಿನಂತಿತ್ತು. ಹೊರಡುವ ಆತುರದಲ್ಲಿದ್ದ ಮ್ಯಾನೇಜರ್ ಓದದೆಯೇ ಸಹಿ ಎಳೆದು ಕಾರು ಹತ್ತಿದರು. ಹಾಳೆಯನ್ನು ಫೈಲಿಗೆ ಸೇರಿಸಲು ಹೋದ ಗುಮಾಸ್ತ ತಲೆಯ ಮೇಲೆ ಕೈ ಹೊತ್ತ.

"ಅಯ್ಯೋ ಪುಣ್ಯಾತ್ಮ! 'ಇಂದ'ದ ಕೆಳಗೆ ಸಾಹೇಬರು, 'ಗೆ' ಕೆಳಗೆ ನೀನು! ಅವರು ನಿನ್ನ ಹತ್ರ ರಜೆ ಬೇಡ್ತಿದ್ದಾರೆ."

"ಸರಿಯಾಗೇ ಇದೆಯಲ್ಲ? ರಜೆ ಬರೋದು ಅವರಿಂದ, ಸಿಗೋದು ನನಗೆ!"

"ರಜೆ ಅಲ್ಲ ಕಣೋ, ಅರ್ಜಿ! ಅರ್ಜಿ ನಿನ್ನಿಂದ, ಅವರಿಗೆ. ಇದು ನಡೆಯಲ್ಲ. ಹೊಸದಾಗಿ ಬರಿ."

"ಸಹಿ?"

"ಸಾಹೇಬರು ಹೋದ್ರಲ್ಲ. ನಾಳೆ ಬಾ, ಹಾಕಿಸ್ಕೊಡ್ತೀನಿ."

ಫಿಟ್ಟರ್ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದ. "ನಾಳೆ ಬರೋಕಾಗಲ್ಲ ಅಂತ ತಾನೇ ಅಣ್ಣಾ, ನಾಲ್ಕು ಸಲ ಬರೆದಿದ್ದು!"