ಪ್ಲೈವುಡ್ಡಿನ ಆಚೆ ಗಂಡಸರು

ಸವಣೂರಿನ ಬಜಾರದಲ್ಲಿದ್ದ ತಹಮೀನಾಳ ಲೇಡೀಸ್ ಪಾರ್ಲರಿನ ಮೇಲೆ ಅವಳ ಅಣ್ಣ ಜಾಕೀರನ ಕಣ್ಣು ಬಿದ್ದಿತ್ತು. ಮಳಿಗೆ ಅವನ ಹೆಸರಿನಲ್ಲಿತ್ತು, ಅದೇ ಅವನ ಸೊಕ್ಕು. ದಿನಾ ಸಂಜೆ ತನ್ನ ಹಾರ್ಡ್‌ವೇರ್ ಅಂಗಡಿ ಮುಚ್ಚಿ ಬಂದು ಕುಂತನೆಂದರೆ ಒಂದೇ ಮಾತು: ಇದನ್ನು ಯುನಿಸೆಕ್ಸ್ ಮಾಡಬೇಕು.

ಅವನ ಮಾತಿನಲ್ಲಿ ಹುರುಳಿತ್ತು, ತಹಮೀನಾಳಿಗೆ ಉರಿಯುತ್ತಿದ್ದುದೇ ಅದಕ್ಕೆ. ಮದುವೆಯ ಸೀಸನ್ನು, ರಂಜಾನ್ ಹಬ್ಬ ಬಿಟ್ಟರೆ ಮುಂಜಾನೆಯೆಲ್ಲ ಕುರ್ಚಿಗಳು ಖಾಲಿ. ಹುಬ್ಬು ತೀಡಿಸಿಕೊಳ್ಳಲು ಬರುವವರಿಂದ ಕರೆಂಟ್ ಬಿಲ್ಲು ಸಾಗುತ್ತಿತ್ತು, ಅಷ್ಟೇ. ಗಂಡಸರಾದರೋ ತಿಂಗಳು ತುಂಬುವುದರೊಳಗೆ ಮತ್ತೆ ತಲೆ ಒಡ್ಡಿಕೊಂಡು ಬರುತ್ತಾರೆ.

"ನನ್ನ ಗಿರಾಕಿಗೋಳು ಬುರ್ಖಾ ತಗದು ಕುಂದರ್ತಾರ, ಭಾಯಿ."

"ನಡುವ ಪ್ಲೈವುಡ್ ಹೊಡಸ್ತೇನಿ. ಬಾಗಿಲಾನೂ ಬ್ಯಾರೆ ಬ್ಯಾರೆ. ಯಾರ್ ಯಾರಿಗೆ ಕಾಣ್ತಾರ?"

"ಕಾಣೂದೊಂದ ಅಲ್ಲ."

"ಮತ್ತೇನ? ಎರಡು ಕುರ್ಚಿ ಇಟ್ಕೊಂಡು ರಾಣಿ ಆಗೀಯಲ್ಲ, ಅದು ಹೊಕ್ಕೈತಿ ಅಂತ ಸಂಕಟ ನಿನಗ."

ಇಂಥವನಿಗೆ ಏನು ಹೇಳುವುದು? ವ್ಯಾಕ್ಸಿಂಗಿನಲ್ಲಿ ತಹಮೀನಾಳದ್ದೊಂದು ಪದ್ಧತಿಯಿತ್ತು. ಬಿಸಿ ಮೇಣ ಬಳಿದು, ಬಟ್ಟೆಯ ಪಟ್ಟಿ ಒತ್ತಿ, ಮನೆಯ ಸುದ್ದಿ ಕೇಳುವಳು. ಹೆಂಗಸು ಹೇಳುವುದರಲ್ಲಿ ಮೈಮರೆತಾಗ ಪಟ್ಟಿ ಸರ್ರನೆ ಎಳೆಯುವಳು. ನೋವು ಅರ್ಧ ತಿಳಿಯುತ್ತಲೇ ಇರಲಿಲ್ಲ. ಹೀಗೆ ತವರಿನಲ್ಲೂ ಹೇಳದ ಮಾತನ್ನು ಹೆಂಗಸರು ಅಲ್ಲಿ ಹೇಳಿ ಹಗುರಾಗಿ ಹೋಗುತ್ತಿದ್ದರು. ಗಂಡಸರು ಬರುತ್ತಾರಂತೆ ಎಂದದ್ದಕ್ಕೇ ಶಾಲೆಯ ನಾಗರತ್ನಾ ಟೀಚರು, "ಹಂಗಾದ್ರ ನಾ ಹಾವೇರಿಗೇ ಹೋಗ್ತೇನ್ರಿ" ಎಂದುಬಿಟ್ಟಿದ್ದರು.

ಜಾಕೀರ ಕೇಳಲಿಲ್ಲ. ಪ್ಲೈವುಡ್ ಹೊಡೆಸಿಯೇಬಿಟ್ಟ. ಇರುವುದು ಒಂದೇ ಏಸಿ, ಎರಡೂ ಕಡೆ ತಂಪು ಹೋಗಲೆಂದು ಗೋಡೆಯನ್ನು ಛತ್ತಿನವರೆಗೆ ಏರಿಸದೆ ಮೇಲೆ ಸಂದು ಬಿಡಿಸಿದ. ಹಾನಗಲ್ಲಿನಿಂದ ಅಕೀಬನೆಂಬ ಕಟಿಂಗಿನವನನ್ನು ಕರೆತಂದ. "ಈ ಭಾನುವಾರ ನೋಡೂಣು. ಹೆಂಗಸರು ಬರಲಿಲ್ಲಂದ್ರ ಪ್ಲೈ ಕೀಳಸ್ತೇನಿ. ಬಂದ್ರೋ, ನೀ ಬಾಯಿ ಮುಚ್ಕೊಂಡಿರಬೇಕು" ಎಂದು ಸವಾಲು ಹಾಕಿದ. ಎಲ್ಲಿ ಸೋತೇನೋ ಎಂದು ಮೊದಲ ಗಿರಾಕಿಯಾಗಿ ತನ್ನ ಹೆಂಡತಿ ದಿಲ್ಶಾದಳನ್ನೇ ಕಳಿಸಿಕೊಟ್ಟ.

ದಿಲ್ಶಾದ ಬುರ್ಖಾ ತೆಗೆದು, ತೋಳು ಚಾಚಿ ಕುಂತಳು. ಆಚೆ ಅಕೀಬನ ಟ್ರಿಮ್ಮರ್ ಗುಂಯ್ ಎನ್ನುತ್ತಿತ್ತು. "ನಿಮ್ಮಣ್ಣ ಅಂಗಡ್ಯಾಗ ಅದಾರ" ಎಂದು ಅವಳು ನಿರಾಳವಾಗಿ ನಕ್ಕಳು.

ಅಂಗಡಿಯಲ್ಲೆಲ್ಲಿ? ಪ್ಲೈವುಡ್ಡಿನ ಜೋಡಣೆಯ ಸಂದಿನಲ್ಲಿ ತಹಮೀನಾ ಆಗಲೇ ನೋಡಿದ್ದಳು. ಅಣ್ಣ ಮೀಸೆ ತಿರುವುತ್ತ ಆಚೆ ಕುಂತಿದ್ದ, ಮಗ್ಗುಲಲ್ಲಿ ಊರಿನ ಹಿರಿಯ ವ್ಯಾಪಾರಿ ರಾಜೇಸಾಬರು. ಭಾಭಿಗೆ ಒಂದು ಸನ್ನೆ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಮೇಣ ಬಳಿದಳು, ಪಟ್ಟಿ ಒತ್ತಿದಳು, ಕಾದಳು. ಟ್ರಿಮ್ಮರ್ ನಿಂತು ಅಕೀಬ ಕತ್ತರಿ ಹಿಡಿದ ಮೇಲೆ ಕೇಳಿದಳು.

"ಭಾಭಿ, ಹುಬ್ಬಳ್ಳಿ ಡಾಕ್ಟರು ಮತ್ತೇನಂದ್ರು?"

"ಅದ ಅಂದ್ರು. ನನ್ನೊಳಗ ಏನೂ ದೋಷ ಇಲ್ಲಂತ. ಇರೂದು ನಿಮ್ಮಣ್ಣನೊಳಗ." ದಿಲ್ಶಾದಳ ದನಿ ತಾನಾಗಿಯೇ ಏರಿತು. "ರಿಪೋರ್ಟು ಬಸ್‌ಸ್ಟ್ಯಾಂಡಿನಾಗ ಹರದು ಒಗದ್ರು. ಮನ್ಯಾಗ ಬಂಜಿ ಅಂತ ಅನಿಸ್ಕೊಳ್ಳೂದು ನಾನು. ಅವ್ರು ಬಾಯಿ ಬಿಡೂದಿಲ್ಲ."

ತಹಮೀನಾ ಪಟ್ಟಿ ಎಳೆದಳು.

ಆಚೆ ಕತ್ತರಿ ನಿಂತಿತು. "ನಾ ಆಮ್ಯಾಲೆ ಬರ್ತೇನಿ" ಎಂದು ರಾಜೇಸಾಬರು ಏಳುವ ಸದ್ದು. ಆಮೇಲೆ ಒಂದು ಕೆಮ್ಮು. ಆ ಕೆಮ್ಮು ಯಾರದೆಂದು ದಿಲ್ಶಾದಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

"ಅಕೀಬ! ಕೀಳೋ ಪ್ಲೈ! ಈಗಿಂದೀಗ ಕೀಳು!" ಜಾಕೀರನ ದನಿ ಒಡೆದುಹೋಗಿತ್ತು. ಬಾಗಿಲು ದಢಾರನೆ ಬಡಿದುಕೊಂಡಿತು, ಅವನು ಹೋದ.

ತಹಮೀನಾ ಗೆದ್ದಿದ್ದಳು. ಪಾರ್ಲರು ಹೆಂಗಸರದಾಗಿಯೇ ಉಳಿಯಿತು. ಕ್ಷಣಹೊತ್ತು ಅವಳಿಗೆ ಖುಷಿಯೇ ಆಯಿತು, ಸುಳ್ಳೇಕೆ? ಆಮೇಲೆ ಭಾಭಿಯ ಕಡೆ ತಿರುಗಿದಳು.

ದಿಲ್ಶಾದ ಅಂಟುತ್ತಿದ್ದ ತೋಳಿನ ಮೇಲೆಯೇ ಬುರ್ಖಾ ಎಳೆದುಕೊಳ್ಳುತ್ತಿದ್ದಳು.

"ಅವ್ರು ಕುಂತಿದ್ದು ನಿನಗ ಗೊತ್ತಿತ್ತು."

"ಭಾಭಿ, ಪಾರ್ಲರ್ ಉಳೀಲಿ ಅಂತ..."

"ಆ ಕಡೆ ಇದ್ದ ಗಂಡಸ್ರಿಗೆ ನಾ ಏನೂ ಹೇಳಿದ್ದಿಲ್ಲ, ತಹಮೀನಾ" ಎಂದಳು ದಿಲ್ಶಾದ. "ನಿನಗ ಹೇಳಿದ್ದೆ."